ಶೀರ್ಷಿಕೆಯಲ್ಲಿ ಸಾಹುಕಾರರು

ಮೆಟ್ರಿ ಊರಿನ ಭಜನೆ ಹಾಡುವ ಉಚ್ಚೆಂಗಮ್ಮನ ಗಂಟಲು ಪೂರಾ ಕಟ್ಟುವ ಮೊದಲೇ ಅವಳ ವಿರೂಪಾಕ್ಷನ ಭಜನೆಗಳನ್ನು ಲೋಕಕ್ಕೆ ಮುಟ್ಟಿಸಬೇಕೆಂದು ಹೊಸಪೇಟೆಯ ಸ್ಟುಡಿಯೋ ಶಂಭುಲಿಂಗ ವಿಡಿಯೋ ಮಾಡಿ ಇಂಟರ್ನೆಟ್ಟಿಗೆ ಏರಿಸಿದ. ಖರ್ಚು ಅದಿರು ಲಾರಿಗಳ ಮಾಲೀಕ ಕೊಟ್ರಯ್ಯನವರದು. ಅದು ೨೦೧೦. ಧೂಳಿನ ಜೊತೆ ಭಕ್ತಿಯೂ ಏರಿದ್ದ ಕಾಲ.

ಶಂಭುಲಿಂಗ ಪರದೆಯ ಕೆಳಗೆ ಬರುವಂತೆ ಹಾಡಿನ ಸಾಲುಗಳನ್ನು ಇಂಗ್ಲಿಷಿಗೆ ತಿರುಗಿಸಿದರೂ ದೇವರ ಹೆಸರನ್ನು ತಿರುಗಿಸಲಿಲ್ಲ. ಶೀರ್ಷಿಕೆಯಲ್ಲಿ 'ವಿರೂಪಾಕ್ಷ ಭಜನೆ, ಹಂಪಿ' ಎಂದು ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ ಬರೆದ. ಹುಡುಕುವವರಿಗೆ ಸಿಗಲೆಂದು ಟ್ಯಾಗ್‌ಗಳಲ್ಲೂ ಅದೇ ಹೆಸರನ್ನಿಟ್ಟ.

"ನನ್ನ ಹೆಸರೆಲ್ಲೈತಿ?" ಅಂದರು ಕೊಟ್ರಯ್ಯ.

"ಕೆಳಗ ವಿವರದಾಗ ಐತ್ರಿ, ಸಾಹುಕಾರ್ರ. ಜನ ಹುಡುಕೋದು ದೇವರನ್ನ."

"ಫ್ಲೆಕ್ಸ್‌ನಾಗ ನಾನೇ ಮೇಲಿರ್ತೀನಿ. ಇಲ್ಲಿ ಕೆಳಗ್ಯಾಕ ಕುಂದ್ರಲೋ?"

ವಿಡಿಯೋ ಹಾಕಿದ ಅಕೌಂಟಿನ ಪಾಸ್‌ವರ್ಡ್ ಅವರ ಮ್ಯಾನೇಜರನ ಕೈಯಲ್ಲಿತ್ತು; ಅವನು ಎಲ್ಲ ತಿದ್ದಿದ. 'ಗಣಿ ಸಾರಿಗೆ ಉದ್ಯಮಿ, ಧರ್ಮರತ್ನ ಶ್ರೀ ಕೊಟ್ರಯ್ಯನವರು' ಎಂಬುದು ಎರಡೂ ಭಾಷೆಯಲ್ಲಿ ಶೀರ್ಷಿಕೆಯನ್ನು ತುಂಬಿಕೊಂಡಿತು; ವಿವರ, ಟ್ಯಾಗ್‌ಗಳಲ್ಲೂ ಬಿರುದುಗಳೇ. ವಿರೂಪಾಕ್ಷನಿಗೆ ಜಾಗ ಸಾಲಲಿಲ್ಲ.

ಕೆಲವು ತಿಂಗಳ ಮೇಲೆ ಉಚ್ಚೆಂಗಮ್ಮ ಸ್ಟುಡಿಯೋಕ್ಕೆ ಬಂದು ಕುಂತಳು. ಮಾತು ಬರೀ ಉಸಿರಾಗಿತ್ತು. "ನನ್ನ ಹಾಡು ತೋರ್ಸಪ್ಪ."

ಶಂಭುಲಿಂಗ ಕಂಪ್ಯೂಟರಿನಲ್ಲಿ ದೇವರ ಹೆಸರನ್ನು ಕನ್ನಡದಲ್ಲಿ ಹೊಡೆದ, ಇಂಗ್ಲಿಷಿನಲ್ಲಿ ಹೊಡೆದ. ಪುಟದ ಮೇಲೆ ಪುಟ ಬೇರೆಯವರ ಭಜನೆಗಳೇ ಬಂದವು. ಕೊನೆಗೆ ಸಾಹುಕಾರರ ಹೆಸರನ್ನು ಬಾಯಲ್ಲಿ ಹೇಳುತ್ತ ಹೊಡೆದ. ಉಚ್ಚೆಂಗಮ್ಮ ಪರದೆಯ ಮೇಲೆ ಹಾಡತೊಡಗಿದಳು. ನೋಡಿದವರು ಹನ್ನೊಂದು ಮಂದಿ. ಎಲ್ಲ ಸಾಹುಕಾರರ ಆಫೀಸಿನವರೇ ಇರಬೇಕು ಅಂದುಕೊಂಡ.

"ಇವರ ಹೆಸರು ಹೇಳಿದ್ರ ಮಾತ್ರ ನಾ ಸಿಗೋದೇನು?" ಅಂದಳು ಅವಳು.

"ಹೌದವ್ವ."

"ನಂಗ ಗೊತ್ತಿದ್ರ ಇವರ ಮ್ಯಾಲೇ ಹಾಡ್ತಿದ್ನಲ್ಲೋ." ನಗಲು ಹೋದಳು, ಕೆಮ್ಮು ಬಂತು.