ಒಂದು ಅಡಿಯ ವ್ಯಾಕರಣ

ಮಳವಳ್ಳಿಯ ಹಮೀದ್ ಸಾಬರ ಮಂಡಿ ಸಂಪಿನೊಳಗೆ ಇಳಿಯಲಾರೆ ಎಂದು ಮುಷ್ಕರ ಹೂಡಿದಾಗ ಅವರ ಮೋಟಾರ್ ವೈಂಡಿಂಗ್ ಅಂಗಡಿಯನ್ನು ಮೊಬೈಲ್ ಕವರ್ ಮಾರುವವನೊಬ್ಬ ಬಾಡಿಗೆಗೆ ಕೇಳಿದ. ಮಗಳು ಜಾಕಿಯಾ ಹದಿನೈದು ವರ್ಷದಿಂದ ಆ ಅಂಗಡಿಯಲ್ಲೇ ತಾಮ್ರದ ತಂತಿ ಸುತ್ತಿದವಳು. "ಅಬ್ಬಾ, ನಾನೇ ನಡೆಸ್ತೀನಿ" ಅಂದಳು. ಹಮೀದ್ ಗಡ್ಡ ಕೆರೆದುಕೊಂಡು ಷರತ್ತು ಹಾಕಿದರು: "ಹಲಗೂರು ಮೇಷ್ಟ್ರ ಮನೆ ನೀರಿನ ಕೆಲ್ಸ ಪೂರ್ತಿ ನೀನೊಬ್ಳೇ ಮಾಡು. ಅದು ಸರಿಹೋದ್ರೆ ಅಂಗಡಿ ನಿಂದು."

ಮೇಷ್ಟ್ರು ಎಂದರೆ ನಿವೃತ್ತ ಕನ್ನಡ ಪಂಡಿತ ಮರಿಸಿದ್ದಯ್ಯನವರು. ಯಾರಾದರೂ 'ಅಳ್ಳಿ' ಎಂದರೆ 'ಹಳ್ಳಿ' ಎಂದು ತಿದ್ದಿ, ಆಮೇಲಷ್ಟೇ ಆ ಹಳ್ಳಿಯಲ್ಲಿ ಏನಾಯಿತೆಂದು ಕೇಳುವವರು. ಹೊಸ ಮನೆಗೆ ಅವರು ಇಪ್ಪತ್ತು ಸಾವಿರ ಲೀಟರಿನ ಸಂಪು, ಎರಡು ಎಚ್‌ಪಿ ಮೋಟಾರು ಎಂದು ಮನಸ್ಸಿನಲ್ಲೇ ಶಂಕುಸ್ಥಾಪನೆ ಮಾಡಿದ್ದರು.

"ಮನೇಲಿ ಎಷ್ಟು ಜನ ಮೇಷ್ಟ್ರೇ?"

"ಐವರು."

"ಒಬ್ರಿಗೆ ದಿನಕ್ಕೆ ನೂರಮೂವತ್ತೈದು ಲೀಟ್ರು ಅಂದ್ರೆ ಏಳ್ನೂರು ಹತ್ರ. ನಲ್ಲಿ ನೀರು ಮೂರು ದಿನಕ್ಕೊಂದ್ಸಲ. ಎರಡು ಸಾವ್ರ ಸಾಕು. ಒಂದ್ಸರ್ತಿ ನೀರು ಕೈಕೊಟ್ರೂ ಇರ್ಲಿ ಅಂತ ನಾಕು ಸಾವ್ರ." ಅವಳು ಮರಳಿನ ಮೇಲೆ ಗೀಚಿದಳು. "ಏಳಡಿ ಉದ್ದ, ಐದಡಿ ಅಗಲ, ಆರಡಿ ಆಳ. ಮೇಲಿನರ್ಧ ಅಡಿ ಖಾಲಿ. ಕೆಳಗಿನೊಂದಡಿ ಮೋಟಾರಿನ ಪಾಲು, ಅದನ್ನ ಲೆಕ್ಕಕ್ಕೆ ಇಡಂಗಿಲ್ಲ. ಉಳಿದದ್ರಲ್ಲಿ ನಾಕು ಸಾವಿರದ ನಾನೂರು ಲೀಟ್ರು ಬತ್ತದೆ."

"ಮೋಟಾರು?"

"ಎರಡು ಅಂತಸ್ತಿಗೆ ಅರ್ಧ ಎಚ್‌ಪಿ. ಸಾವಿರ ಲೀಟ್ರಿನ ಟ್ಯಾಂಕು ಅರ್ಧ ಗಂಟೇಲಿ ತುಂಬ್ತದೆ. ನೀವೇನು ಗದ್ದೆಗೆ ನೀರು ಆಯಿಸ್ತೀರಾ?"

"ಹಾಯಿಸುತ್ತೀರಾ" ಎಂದು ತಿದ್ದಿದರು ಮೇಷ್ಟ್ರು. ಆದರೆ ಅರ್ಧ ಎಚ್‌ಪಿಗೆ ಒಪ್ಪಿದರು.

ಸಂಪು ಕಟ್ಟಿದ್ದಾಯಿತು. ನೀರು ಹೀರುವ ಪೈಪಿನ ತುದಿಯ ಫುಟ್‌ವಾಲ್ವನ್ನು ಜಾಕಿಯಾ ತಳದಿಂದ ಅರ್ಧ ಅಡಿ ಎತ್ತರಕ್ಕೆ ನಿಲ್ಲಿಸಿದಳು, ಕೆಸರು ಸೇರದಿರಲಿ ಎಂದು. ಅದಕ್ಕೂ ಮೇಲೆ, ತಳದಿಂದ ಒಂದು ಅಡಿಗೆ, ಫ್ಲೋಟ್ ಸ್ವಿಚ್ಚು ಕಟ್ಟಿದಳು. ನೀರಿರುವಾಗ ತೇಲುವ ಆ ಪ್ಲಾಸ್ಟಿಕ್ ಡಬ್ಬಿ, ನೀರು ಆ ಮಟ್ಟಕ್ಕೆ ಇಳಿದರೆ ಜೋತುಬಿದ್ದು ಮೋಟಾರಿನ ಕರೆಂಟು ಕಡಿಯುತ್ತದೆ. ಮೋಟಾರು ಬರೀ ಗಾಳಿ ಹೀರುತ್ತಾ ಓಡಿದರೆ ಒಳಗಿನ ಸೀಲು ಸುಟ್ಟುಹೋಗುತ್ತದೆ.

ಗೃಹಪ್ರವೇಶಕ್ಕೆ ಮೊದಲು ಸಂಪು ತೊಳೆಸುವಾಗ ಮೇಷ್ಟ್ರು ಫ್ಲೋಟನ್ನು ಬಿಚ್ಚಿಸಿದರು. ಮತ್ತೆ ಕಟ್ಟುವುದು ಹೇಗೆಂದು ಫೋನಿನಲ್ಲಿ ಕೇಳಿದರು.

"ಅಡಿ ಬುಟ್ಟು ಕಟ್ಟಿ ಮೇಷ್ಟ್ರೇ, ಅಷ್ಟೇಯಾ."

"ಬುಟ್ಟು ಅಲ್ಲ, ಬಿಟ್ಟು."

"ಸರಿ, ಬಿಟ್ಟು."

ಗೃಹಪ್ರವೇಶಕ್ಕೆ ಬಂದ ನೆಂಟರು ಸಂಪಿನ ಮುಕ್ಕಾಲನ್ನು ಮುಗಿಸಿ ಹೋದರು. ಆ ಸರದಿಯ ನಲ್ಲಿ ನೀರೂ ಬರಲಿಲ್ಲ. ಮೂರನೆಯ ಬೆಳಿಗ್ಗೆ ಮೇಷ್ಟ್ರ ಹೆಂಡತಿ ಸಣ್ಣತಾಯಮ್ಮನ ಫೋನು: "ಜಾಕಿ, ಮೋಟಾರು ಕುಯ್ಯೋ ಅಂತದೆ, ಟ್ಯಾಂಕಿಗೆ ನೀರು ಬೀಳೋ ಸದ್ದೇ ಇಲ್ಲ ಕಣವ್ವ. ಸ್ವಿಚ್ಚು ಆರ್ಸಿವ್ನಿ."

ಜಾಕಿಯಾ ಬಂದಾಗ ಎದುರುಮನೆಯ ದೊಡ್ಡಸಿದ್ದಯ್ಯ ಗೇಟಿನ ಮೇಲೆ ಮೊಣಕೈಯೂರಿ ನಿಂತಿದ್ದ. ಅವನ ಮನೆಯೂ ಪಾಯದ ಹಂತದಲ್ಲಿತ್ತು. ಅವನೆದುರು ಕೆಲಸ ಕೆಟ್ಟರೆ ಹಲಗೂರಿನಲ್ಲಷ್ಟೇ ಅಲ್ಲ, ಅಬ್ಬನ ಕಿವಿಯಲ್ಲೂ ಕೆಟ್ಟಂತೆ.

"ನಿನ್ನ ಸ್ವಿಚ್ಚು ಕೈಕೊಟ್ಟಿತು" ಎಂದರು ಮೇಷ್ಟ್ರು.

ಅವಳು ಮುಚ್ಚಳ ಎತ್ತಿ ಟಾರ್ಚ್ ಬಿಟ್ಟಳು. ಫುಟ್‌ವಾಲ್ವು ಗಾಳಿಯಲ್ಲಿ ಬಾಯಿ ಬಿಟ್ಟುಕೊಂಡಿತ್ತು. ಫ್ಲೋಟು ಅದಕ್ಕೂ ಕೆಳಗೆ, ಉಳಿದ ನಾಲ್ಕು ಬೆರಳು ನೀರಿನಲ್ಲಿ ಆರಾಮವಾಗಿ ತೇಲುತ್ತಿತ್ತು.

"ಇದನ್ಯಾರು ತಳಕ್ಕೆ ಕಟ್ಟಿದ್ದು?"

"ನೀನೇ ಹೇಳಿದ್ದು, ಅಡಿಗೆ ಬಿಟ್ಟು ಕಟ್ಟಿ ಎಂದು. ಅಡಿ ಎಂದರೆ ತಳ. ಯಾವ ನಿಘಂಟಾದರೂ ನೋಡು."

"ಅಡಿಗೆ ಅನ್ನಲಿಲ್ಲ, ಅಡಿ ಅಂದೆ. ಹನ್ನೆರಡು ಇಂಚು."

ಮೇಷ್ಟ್ರು ಬೆರಳು ಮಡಿಚಿ ವಿಭಕ್ತಿ ಪ್ರತ್ಯಯ ಎಣಿಸತೊಡಗಿದರು.

"ಬುಟ್ಟು ಬಿಟ್ಟು ಅಂತ ತಿದ್ದೋ ಗಡಿಬಿಡೀಲಿ ಪಾಠ ಕೇಳಿಸ್ಕಂಡಿಲ್ಲ" ಅಂದರು ಸಣ್ಣತಾಯಮ್ಮ. ದೊಡ್ಡಸಿದ್ದಯ್ಯ ಗೇಟು ಅಲುಗುವಂತೆ ನಕ್ಕ.

ಜಾಕಿಯಾ ನಗಲಿಲ್ಲ. ಪಂಪು ಬಿಚ್ಚಿದಳು. ಸೀಲು ಕರಕಲಾಗಿತ್ತು, ವೈಂಡಿಂಗ್ ಉಳಿದಿತ್ತು. ಹೊಸ ಸೀಲು ಕೂರಿಸಿ, ಅಳತೆಯ ಟೇಪು ಹಿಡಿದು ಫ್ಲೋಟನ್ನು ಒಂದು ಅಡಿಗೆ ಕಟ್ಟಿದಳು. ಟ್ಯಾಂಕರಿನವನು ಅರ್ಧ ಸಂಪು ತುಂಬಿಸಿದ. ಪಂಪಿನ ತಲೆಗೆ ನೀರೆರೆದು, ಒಳಗಿನ ಗಾಳಿ ಹೊರಬಿಟ್ಟು, ಸ್ವಿಚ್ಚು ಹಾಕಿದಳು. ಟ್ಯಾಂಕಿನಲ್ಲಿ ನೀರು ಸುರಿಯುವ ಸದ್ದು ಕೇಳಿತು. ಆಮೇಲೆ ಕೋಲಿನಿಂದ ಫ್ಲೋಟಿನ ವೈರನ್ನು ನೀರಿನಿಂದ ಮೇಲೆತ್ತಿ ಡಬ್ಬಿಯನ್ನು ಜೋತುಬೀಳಿಸಿದಳು. ಮೋಟಾರು ತಾನಾಗಿ ನಿಂತಿತು.

"ತಪ್ಪು ನನ್ನದೂ ಅದೆ ಮೇಷ್ಟ್ರೇ. ಒಂದು ಅಂತ ಬಾಯ್ಬುಟ್ಟು ಹೇಳ್ಬೇಕಿತ್ತು."

"ಓಗ್ಲಿ ಬುಡವ್ವ" ಎಂದರು ಪಂಡಿತರು. ಆ ದಿನ ಅವರನ್ನು ತಿದ್ದಲು ಯಾರಿಗೂ ಮನಸ್ಸಾಗಲಿಲ್ಲ.

ಸಂಜೆ ಅಂಗಡಿಯಲ್ಲಿ ಹಮೀದ್ ಫೋನು ಇಟ್ಟು ಮಗಳನ್ನು ನೋಡಿದರು. "ಅದ್ಯಾರೋ ದೊಡ್ಡಸಿದ್ದಯ್ಯನಂತೆ. ಸಂಪಿನ ಅಳತೆ ಹೇಳೋಕೆ ನಿನ್ನೇ ಕಳಿಸ್ಬೇಕಂತೆ, ನನ್ನಲ್ಲ." ಮಾತು ಮುಗಿಸಿ ಅವರು ಅಂಗಡಿಯ ಬೀಗದ ಕೈಯನ್ನು ತಾಮ್ರದ ಸುರುಳಿಯ ಪಕ್ಕದಲ್ಲಿಟ್ಟರು.

ಜಾಕಿಯಾ ಟೇಪನ್ನು ಚೀಲಕ್ಕೆ ಹಾಕಿಕೊಂಡಳು. ಜೊತೆಗೆ ಒಂದು ಡಬ್ಬಿ ಕೆಂಪು ಬಣ್ಣವನ್ನೂ. ಸಂಪಿನ ಗೋಡೆಗೆ ಗೆರೆ ಎಳೆದುಬಿಟ್ಟರೆ ವ್ಯಾಕರಣದ ಗೊಡವೆ ಇರುವುದಿಲ್ಲ.