ಅರ್ಧ ಹಾಳೆಯಲ್ಲಿ ಹನ್ನೊಂದು ಮಂಜೂರಿ

ಹುನಗುಂದದ ಮಾಮಲೇದಾರ ಕಚೇರಿಯಲ್ಲಿ ನಾನು ಕಾರಕೂನನಾಗಿದ್ದಾಗ ನನಗೆ ಚೆನ್ನಾಗಿ ಬರುತ್ತಿದ್ದ ಕೆಲಸ ಒಂದೇ, ಮಂದಿಯನ್ನು ಅಣಕಿಸುವುದು. ಅದಕ್ಕೆ ಪಗಾರ ಇರಲಿಲ್ಲ.

ಮಾಮಲೇದಾರರ ಮೇಲಿನ ಅಧಿಕಾರಿ, ಬಾಗಲಕೋಟೆಯ ಪ್ರಾಂತ ಸಾಹೇಬರು, ನಮ್ಮಲ್ಲಿಗೆ ಬಂದರೆ ಕೂತುಕೊಳ್ಳುವವರಲ್ಲ. ಒಂದು ಕಾಲು ಜೀಪಿನಲ್ಲಿಟ್ಟು ಬಾಕಿ ಮಂಜೂರಿಗಳ ವರದಿ ನೋಡುವವರು. ಹಿಂದಿನ ಸಲ ನಮ್ಮ ಹಿರಿಯ ಕಾರಕೂನರು ಐದು ಹಾಳೆ ಬರೆದಿದ್ದರು. ಸಾಹೇಬರು ‘ಸವಿನಯ ವಿಜ್ಞಾಪನೆ’ ದಾಟುವಷ್ಟರಲ್ಲಿ ಡ್ರೈವರ್ ಜೀಪು ಶುರು ಮಾಡಿದ್ದ.

ಈ ಸಲ ಬರೆಯುವ ಪಾಳಿ ನನ್ನದು. ಎದುರಿನ ಬೆಂಚಿನ ಮೇಲೆ ಇಳಕಲ್ಲಿನ ನೇಕಾರ ಸಂಘದ ಕಾರ್ಯದರ್ಶಿ ಕೂತಿದ್ದರು, ಮೂರನೇ ಸಲ. ನೂಲಿಗೆ ಬಣ್ಣ ಹಾಕುವ ಬಾಡಿಗೆ ಜಾಗವನ್ನು ಅವರು ತಿಂಗಳ ಕೊನೆಗೆ ಬಿಡಬೇಕಿತ್ತು. ಸಂಘದ ಹೊಲದಲ್ಲಿ ಬಣ್ಣದ ಮನೆ ಕಟ್ಟಲು ಪ್ರಾಂತರ ಪರವಾನಗಿ ಬೇಕು.

ಬಾಕಿಯಿದ್ದ ಹನ್ನೊಂದೂ ಅರ್ಜಿಗಳನ್ನು ಬಂದ ತಾರೀಖಿನ ಪ್ರಕಾರ ಬರೆದೆ. ಬಣ್ಣದ ಮನೆ ಒಂಬತ್ತನೆಯದಾಯಿತು. ಆಮೇಲೆ ಗೆಳೆಯ ಕಾರಕೂನನ ಮುಂದೆ ಕುರ್ಚಿಯ ಮೇಲೆ ಒಂದು ಕಾಲಿಟ್ಟು, ಸಾಹೇಬರ ಮೂಗಿನ ದನಿಯಲ್ಲಿ ಓದಿದೆ.

“ಹೂಂ... ಮುಂದ... ಇದೇನಿದು?”

“ನಾಲ್ಕನೇದಕ್ಕ ಜೀಪು ಹೋತಲೇ,” ಅಂದ ಅವನು.

ಹರಿದು, ಅರ್ಧ ಹಾಳೆಯಲ್ಲಿ ಹೊಸದಾಗಿ ಬರೆದೆ: ಬಾಕಿ ಹನ್ನೊಂದು. ತಮ್ಮ ಸಹಿಗೆ ಮೂರು, ನಮ್ಮ ಕಚೇರಿಯಲ್ಲಿ ಎಂಟು. ಎಲ್ಲಕ್ಕಿಂತ ಮೇಲೆ ಬಣ್ಣದ ಮನೆ. ಸ್ಥಳ ತನಿಖೆ ಮುಗಿದಿದೆ, ತಕರಾರಿಲ್ಲ, ತಿಂಗಳ ಕೊನೆಯೊಳಗೆ ಬೇಕು, ಮಂಜೂರು ಮಾಡಬಹುದು. ಉಳಿದವಕ್ಕೆ ಒಂದೊಂದು ಸಾಲು: ಯಾರ ಹತ್ತಿರ, ಎಷ್ಟು ದಿನದಿಂದ.

ಹಿರಿಯ ಕಾರಕೂನರು ಹಾಳೆ ನೋಡಿ ಕನ್ನಡಕ ತೆಗೆದರು.

“ಯಾರ ಹತ್ತರ ಅಂತ ಬರೀತಾರೇನೋ ಹುಚ್ಚಾ? ‘ವಿಚಾರಣೆಯಲ್ಲಿದೆ’ ಅಂತ ಬರಿ. ಅಜ್ಜನ ಕಾಲದಿಂದ ಹಂಗ ಬಂದೈತಿ.”

“ಹಂಗ ಬರದ್ರ ಸಾಹೇಬ್ರು ಯಾರನ್ನ ಕೇಳ್ಬೇಕ್ರಿ?”

“ಯಾರನ್ನೂ ಕೇಳಬಾರ್ದು ಅಂತನ ಹಂಗ ಬರಿಯೂದು!”

ನನಗೆ ರೇಗಿತು. ಪುರಾವೆ ತೋರಿಸುತ್ತೇನೆಂದು, ಯಾವ ಕಾಗದ ಯಾರ ಮೇಜಿಗೆ ಹೋಯಿತೆಂದು ಬರೆದಿಡುವ ಆವಕ ಪುಸ್ತಕ ತೆರೆದೆ. ಇಳಕಲ್ಲಿನ ಅರ್ಜಿಯ ತನಿಖೆ ಕಾಗದ ಒಂಬತ್ತು ದಿನ ಒಂದೇ ಮೇಜಿನ ಮೇಲೆ ಬಿದ್ದಿತ್ತು. ಮೇಜು ನನ್ನದು.

ಹಿರಿಯರು ನಕ್ಕರು. “ಈಗ ಬರೀಪಾ, ಯಾರ ಹತ್ತರ ಇತ್ತು?”

‘ಯಾರ ಹತ್ತಿರ’ ಅನ್ನುವುದನ್ನೇ ಅಳಿಸಿಬಿಡೋಣ ಅನ್ನಿಸಿತು. ಬೆಂಚಿನ ಮೇಲಿನ ಮುಖ ನನ್ನನ್ನೇ ನೋಡುತ್ತಿತ್ತು. ‘ಒಂಬತ್ತು ದಿನ ಕಾರಕೂನನ ಮೇಜಿನ ಮೇಲೆ’ ಅಂತ ಬರೆದೆ.

ಗುರುವಾರ ಸಾಹೇಬರು ಜೀಪಿನಲ್ಲಿ ಕಾಲಿಟ್ಟೇ ಓದಿದರು, ಕೊನೆಯ ಸಾಲಿನವರೆಗೆ.

“ಒಂಬತ್ತು ದಿನ ಇಟ್ಟುಕೊಂಡವ ಯಾರು?”

“ನಾನ್ರಿ ಸಾಹೇಬ್ರ.” ಆ ಹೊತ್ತಿಗೆ ನನಗೆ ಯಾರ ದನಿಯೂ ಬರಲಿಲ್ಲ, ನನ್ನದೂ ಅರ್ಧವೇ ಬಂತು.

“ಲಿಖಿತ ಜವಾಬು ಕೊಡು. ಬಣ್ಣದ ಮನೆಯ ಕಾಗದ ತಾ.”

ಜೀಪಿನ ಬಾನೆಟ್ಟಿನ ಮೇಲೆಯೇ ಸಹಿ ಬಿತ್ತು. ನಕಲು ಕೈಗೆ ಬಂದಾಗ ಕಾರ್ಯದರ್ಶಿ ಮಡಚಿ ಅಂಗಿಯ ಒಳಗಿನ ಕಿಸೆಯಲ್ಲಿಟ್ಟುಕೊಂಡರು.

“ನಾಳೆ ಪಾಯಾ ತೋಡಸ್ತೀವಿ, ತಮ್ಮಾ. ನೀನೂ ಬಾ. ಆದ್ರ ನಿನ್ನ ಮೇಜ ಮಾತ್ರ ತರಬ್ಯಾಡ.”