ಗೆರೆ ಕೆಡಿಸದೆ ತಿದ್ದಿದ ಸ್ವರ

ನೈರೋಬಿಯಲ್ಲಿದ್ದ ಆರು ವರ್ಷಗಳಲ್ಲಿ ನಾನು ಮಾಡಿದ ಅತ್ಯಂತ ಅಚ್ಚುಕಟ್ಟಾದ ಕೆಲಸವೆಂದರೆ, ಒಂದು ಕಾಗದದ ಮೇಲಿದ್ದ ಒಂದೇ ಒಂದು ಸ್ವರವನ್ನು ಒಂದು ಮಿಲಿಮೀಟರಿನಷ್ಟು ಕೆಳಗಿಳಿಸಿದ್ದು. ಅದಕ್ಕೆ ಮೂರು ವಾರ ಹಿಡಿಯಿತು. ಯಾರೂ ಅದನ್ನು ನೋಡಲಿಲ್ಲ.

ಆಗ ನಾನು ಅಪ್ಪರ್ ಹಿಲ್‌ನ ಒಂದು ಸಂಸ್ಥೆಯಲ್ಲಿ ವರದಿಗಳಿಗೆ ಚಿತ್ರ, ನಕ್ಷೆ ಜೋಡಿಸುವ ಕೆಲಸದಲ್ಲಿದ್ದೆ. ಶನಿವಾರ ಮಧ್ಯಾಹ್ನ ಕಿಲಿಮಾನಿಯ ನಮ್ಮ ಮನೆಯ ಹತ್ತಿರದ ಒಂದು ಸಭಾಂಗಣದಲ್ಲಿ ಮೂವತ್ತು ಜನ ಸೇರಿ ಹಾಡುತ್ತಿದ್ದರು. ನಾನೂ ಹೋಗಿ ಸೇರಿಕೊಂಡೆ. ಮೈಸೂರಿನಲ್ಲಿ ಸಂಗೀತದ ಜೂನಿಯರ್ ಪರೀಕ್ಷೆ ಪಾಸಾದವಳು ಎಂಬ ಜಂಬ ಬೇರೆ ಇತ್ತು. ಅಲ್ಲಿ ಹೆಂಗಸರ ಕೆಳದನಿಯ ಸಾಲಿಗೆ ಆಲ್ಟೋ ಅನ್ನುತ್ತಾರೆ. ನಾವು ಏಳು ಜನ ಆಲ್ಟೋಗಳು. ಐದು ಗೆರೆಗಳ ಪಾಶ್ಚಾತ್ಯ ಸ್ವರಲಿಪಿ ಓದಲು ಬರುವವಳು ನಾನೊಬ್ಬಳೇ. ಮಗಳ ಪಿಯಾನೋ ಪಾಠದ ಪಕ್ಕ ಕೂತು ಕಲಿತ ವಿದ್ಯೆ ಅದು. ಅದನ್ನು ದಿನಕ್ಕೆ ಒಬ್ಬರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ.

ಗುಂಪನ್ನು ನಡೆಸುತ್ತಿದ್ದವರು ನಿವೃತ್ತ ಶಾಲಾ ಮೇಷ್ಟ್ರು. ಎಲ್ಲರೂ ಅವರನ್ನು ಮ್ವಾಲಿಮು ಎನ್ನುತ್ತಿದ್ದರು. ಸ್ವಾಹಿಲಿಯಲ್ಲಿ ಮೇಷ್ಟ್ರೆಂದೇ ಅರ್ಥ. ಆ ವರ್ಷದ ಕಾರ್ಯಕ್ರಮಕ್ಕೆ ಅವರು ಲಂಗಾಟಾದಲ್ಲಿದ್ದ ಒಬ್ಬ ಅಜ್ಜಿಯ ಹಾಡನ್ನು ಆರಿಸಿದರು. ನಾವೆಲ್ಲ ಅವರನ್ನು ಶೋಶೋ ಅನ್ನುತ್ತಿದ್ದೆವು, ಅಜ್ಜಿ ಎಂದು ಕರೆಯುವ ಅಲ್ಲಿನ ರೀತಿ ಅದು. ಎಂಬತ್ತರ ಹತ್ತಿರದ ಹೆಂಗಸು. ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ ಆ ಹಾಡು ಕಟ್ಟಿದ್ದರಂತೆ. ಅಕ್ಷರ ಕೋಳಿ ಕೆದಕಿದಂತಿದ್ದುದರಿಂದ ಅದನ್ನು ಶುದ್ಧಪ್ರತಿ ಮಾಡಿದ್ದು ಅವರ ಅಕ್ಕ. ಅಕ್ಕ ಸ್ಕೇಲಿಟ್ಟು ಐದೈದು ಗೆರೆ ಎಳೆದು, ಸ್ವರ ಬರೆದು, ಗೆರೆ ಓದಲು ಬಾರದವರಿಗಾಗಿ ಕೆಳಗೆ, ನಮ್ಮ ಸ, ರಿ, ಗದ ಹಾಗಿರುವ ಡೊ, ರೆ, ಮಿಯ ಮೊದಲಕ್ಷರಗಳನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ ಬರೆದಿದ್ದರು. ಬರೆಯುವಾಗ ತಂಗಿಯ ಒಂದು ಸ್ವರ ತಪ್ಪು ಎಂದು ತೀರ್ಮಾನಿಸಿ, ಕೇಳದೆ ಹೇಳದೆ ತಿದ್ದಿಯೂ ಬಿಟ್ಟಿದ್ದರು.

"ಅಕ್ಕ ಎಲ್ಲರನ್ನೂ ತಿದ್ದುತ್ತಿದ್ದಳು. ಪಾದ್ರಿಯನ್ನೂ ಬಿಡುತ್ತಿರಲಿಲ್ಲ" ಎಂದರು ಶೋಶೋ, ಮೊದಲ ದಿನ ನಮ್ಮೆದುರು ಕೂತು. "ಆಲ್ಟೋದ ಹತ್ತೊಂಬತ್ತನೇ ಭಾಗದಲ್ಲಿ ನಾನು ಬರೆದದ್ದು ರೆ. ಪಕ್ಕದ ದನಿಗೆ ತಾಗಿ ಸ್ವಲ್ಪ ಉರಿಯಬೇಕು ಅದು, ಆಮೇಲೆ ಇಳಿದು ತಣ್ಣಗಾಗಬೇಕು. ಅವಳು ಮಿ ಮಾಡಿದಳು. ಉರಿ ಹೋಯಿತು, ಸಿಹಿ ಗಂಜಿ ಉಳಿಯಿತು."

ಹಾಗಾದರೆ ಬಾಯಲ್ಲಿ ಹೇಳಿಕೊಡಬಹುದಿತ್ತಲ್ಲ ಎಂದು ನಾನು ಕೇಳಿದೆ. ಹೇಳಿದ್ದರಂತೆ. ಎಷ್ಟೋ ಚರ್ಚು, ಎಷ್ಟೋ ಶಾಲೆಗಳಿಗೆ ಆ ಕಾಗದ ಹೋಗಿತ್ತು. ಎಲ್ಲ ಕಡೆಯೂ, ಕಾಗದದಲ್ಲಿ ಹೀಗಿದೆಯಲ್ಲ ಮಾಮಾ, ಎಂದು ಹಾಡು ಕಟ್ಟಿದವರಿಗೇ ಪಾಠ ಹೇಳಿ ಕಳಿಸಿದ್ದರು. ಅಲ್ಲಿ ಮಾಮಾ ಎಂದರೆ ಅಮ್ಮ. ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಈಗ ಶೋಶೋ ಕೇಳಿದ್ದು ಎರಡೇ: ಸಾಯುವ ಮುಂಚೆ ಒಮ್ಮೆ ತನ್ನ ಸ್ವರ ಕಿವಿಗೆ ಬೀಳಬೇಕು, ಕಾಗದ ಮಾತ್ರ ಅಕ್ಕನ ಕೈಬರಹದ್ದೇ ಇರಬೇಕು. ಕಂಪ್ಯೂಟರಿನಲ್ಲಿ ಹೊಸದಾಗಿ ಟೈಪು ಮಾಡೋಣ ಎಂದವರನ್ನು ಅವರು ನೋಡಿದ ನೋಟಕ್ಕೆ ಮತ್ತೆ ಯಾರೂ ಆ ಮಾತೆತ್ತಲಿಲ್ಲ.

"ಸ್ಕ್ಯಾನ್ ಇದೆ ತಾನೆ? ಒಂದು ಸ್ವರ, ಐದು ನಿಮಿಷ" ಎಂದೆ ನಾನು. ಯಾರೂ ನನ್ನನ್ನು ಕೇಳಿರಲಿಲ್ಲ.

ಮನೆಗೆ ಬಂದು ಲ್ಯಾಪ್‌ಟಾಪ್ ತೆರೆದೆ. ಬಿಳಿ ಬ್ರಷ್ ಹಿಡಿದು ಆ ಸ್ವರದ ಮೇಲೆ ಎಳೆದೆ. ಸ್ವರ ಹೋಯಿತು, ಅದರ ಮೇಲಿನ ಗೆರೆ, ಕೆಳಗಿನ ಗೆರೆ ಎರಡೂ ತುಂಡಾದವು. ಎರಡು ಗೆರೆಗಳ ನಡುವೆ ಕೂತ ಸ್ವರದ ತಲೆ ಎರಡಕ್ಕೂ ತಾಗಿಕೊಂಡಿರುತ್ತದೆ, ಅದನ್ನು ಅಳಿಸಿದರೆ ಅವೂ ಜೊತೆಗೆ ಹೋಗುತ್ತವೆ. ಪರವಾಗಿಲ್ಲ ಎಂದು ಹೊಸ ಗೆರೆ ಎಳೆದೆ. ನನ್ನದು ಕಡುಕಪ್ಪು, ನೆಟ್ಟಗೆ. ಅಕ್ಕನದು ಮಾಸಿದ ಶಾಯಿ, ಬಲಕ್ಕೆ ಹೋಗುತ್ತ ಕೂದಲೆಳೆಯಷ್ಟು ಇಳಿಜಾರು. ಹಳೇ ಸೀರೆಗೆ ಹೊಸ ತೇಪೆ ಹಾಕಿದ ಹಾಗೆ ಕಾಣುತ್ತಿತ್ತು. ಆಮೇಲೆ ಮೇಲಿನ ಸಾಲಿನಿಂದ ಖಾಲಿ ಗೆರೆಗಳ ಚೂರೊಂದನ್ನು ನಕಲು ಮಾಡಿ ತಂದು ಅಂಟಿಸಿದೆ. ಸ್ಕೇಲಿಟ್ಟು ಎಳೆದಿದ್ದರೂ ಕೈಯ ಕೆಲಸವಲ್ಲವೇ, ಆ ಸಾಲಿನ ಗೆರೆಗಳ ಅಂತರವೇ ಬೇರೆ. ಒಂದು ಗೆರೆ ಕೂಡಿದರೆ ಇನ್ನೊಂದು ಮೆಟ್ಟಿಲಾಗುತ್ತಿತ್ತು.

"ಏನೇ ಅದು, ಐದು ನಿಮಿಷ ಅಂದಿದ್ದೆ? ಹತ್ತು ದಿನ ಆಯ್ತು. ನಮ್ ಬ್ಯಾಂಕಲ್ಲಿ ಇಷ್ಟೊತ್ತಿಗೆ ನಿನ್ನ ಪ್ರಾಜೆಕ್ಟೇ ಕ್ಯಾನ್ಸಲ್ ಮಾಡ್ತಿದ್ರು" ಎಂದರು ನಮ್ಮ ಯಜಮಾನರು, ಸೋಫಾದಿಂದ.

"ನಿಮ್ ಬ್ಯಾಂಕಲ್ಲಿ ಸರ್ವರ್ ಬಿದ್ದಾಗ ಎಬ್ಬಿಸಕ್ಕೆ ಎಷ್ಟು ದಿನ ತಗೊಂಡ್ರಿ, ಹೇಳ್ಲಾ?" ಎಂದೆ. ಮಗಳು ಹೆಡ್‌ಫೋನ್ ತೆಗೆಯದೆ, "ಗೈಸ್, ಪ್ಲೀಸ್" ಎಂದಳು.

ಕೊನೆಗೆ ದಾರಿ ತೋರಿಸಿದ್ದು ಮ್ವಾಲಿಮು. ಅವರು ಕಂಪ್ಯೂಟರ್ ಮುಟ್ಟಿದವರಲ್ಲ. ಹಿಂದೆ ಸ್ವರಲಿಪಿ ತಿದ್ದಬೇಕಾದರೆ ಬ್ಲೇಡಿನಲ್ಲಿ ಶಾಯಿ ಕೆರೆದು ತಿದ್ದಿದ ಕೈ. "ತಪ್ಪಿರುವುದನ್ನಷ್ಟೇ ತೆಗೆಯಮ್ಮ. ಕಾಲು ತಪ್ಪಿಲ್ಲವಲ್ಲ, ಅದನ್ನು ಯಾಕೆ ಮುಟ್ಟುತ್ತೀ?" ಎಂದರು. ಕಾಲೆಂದರೆ ಸ್ವರದ ತಲೆಯಿಂದ ಮೇಲಕ್ಕೇರುವ ಕಡ್ಡಿ. ಅದು ಇನ್ನೂ ಮೂರು ಗೆರೆಗಳನ್ನು ದಾಟುತ್ತದೆ. ನಾನು ಅದನ್ನೂ ಅಳಿಸಿ ಆ ಮೂರನ್ನೂ ಕೆಡಿಸಿಕೊಂಡಿದ್ದೆ. ಕೈಬರಹದಲ್ಲಿ ಕಡ್ಡಿಗಳ ಉದ್ದ ಹೇಗೂ ಹೆಚ್ಚುಕಡಿಮೆ, ಸ್ವಲ್ಪ ಉದ್ದವಾದರೆ ಯಾರೂ ಕೇಳುವುದಿಲ್ಲ. "ಗೆರೆಯನ್ನು ದೂರದಿಂದ ತರಬೇಡ. ಪಕ್ಕದಿಂದಲೇ ತಗೋ."

ಹಾಗೇ ಮಾಡಿದೆ. ಅದೇ ಸ್ವರದ ಬಲಕ್ಕೆ ಬರಿ ಗೆರೆಗಳಿದ್ದ ಜಾಗದಿಂದ ಚೂರೊಂದನ್ನು ತೆಗೆದು ತಲೆಯ ಮೇಲೆ ಮುಚ್ಚಿ, ಇಳಿಜಾರಿಗೆ ತಕ್ಕಂತೆ ಕೂದಲೆಳೆಯಷ್ಟು ಮೇಲೆ ಸರಿಸಿದೆ. ಗೆರೆಗಳು ಕೂಡಿಕೊಂಡವು. ಇನ್ನು ಅಕ್ಕನದೇ ತಲೆಯನ್ನು, ಕಡ್ಡಿಯ ಬುಡದ ಸಮೇತ, ಕೆಳಗಿನ ಗೆರೆಯ ಮೇಲೆ ಕೂರಿಸಬೇಕು. ಅದು ಎರಡು ಮಾತ್ರೆಯ ಸ್ವರ. ತಲೆ ಒಳಗೆ ಟೊಳ್ಳು. ಅಂಟಿಸಿದರೆ ಆ ಟೊಳ್ಳಿನ ಬಿಳಿ, ಸುತ್ತಲಿನ ಬಿಳಿ, ಎರಡೂ ಗೆರೆಯನ್ನು ನುಂಗುತ್ತಿದ್ದವು. ನಿಜವಾದ ಬರಹದಲ್ಲಿ ಗೆರೆ ಟೊಳ್ಳಿನೊಳಗಿಂದ ಹಾದುಹೋಗುತ್ತದೆ. ಅಂಟಿಸಿದ ಪದರದಲ್ಲಿ ಕಪ್ಪು ಮಾತ್ರ ಉಳಿದು ಬಿಳಿ ಮಾಯವಾಗುವ ಹಾಗೆ ಹೊಂದಿಸಿದಾಗ ಗೆರೆ ಒಳಗಿಂದ ಇಣುಕಿತು. ಎಂಟುಪಟ್ಟು ಹಿಗ್ಗಿಸಿ ನೋಡಿದೆ. ಎಲ್ಲಿ ತಿದ್ದಿದ್ದೆಂದು ನನಗೇ ಗೊತ್ತಾಗಲಿಲ್ಲ. ಖುಷಿಗೆ ಅಡುಗೆಮನೆಗೆ ಹೋಗಿ ಒಬ್ಬಳೇ ಎರಡು ಲೋಟ ಕಾಫಿ ಕುಡಿದೆ.

ಆ ಭಾಗವನ್ನಷ್ಟೇ ಕತ್ತರಿಸಿ, ಮುಂಚಿನದು ಮತ್ತು ಈಗಿನದು ಎಂದು ಗುಂಪಿನ ವಾಟ್ಸಾಪಿಗೆ ಹಾಕಿದೆ. ಹೆಬ್ಬೆರಳುಗಳ ಸುರಿಮಳೆಯಾಯಿತು. ಮ್ವಾಲಿಮು "ಗೆರೆಗಳು ಬಹಳ ಚೆನ್ನಾಗಿವೆ" ಎಂದು ಬರೆದರು. ಹಾಡು ಬೇರೆ ಗುಂಪುಗಳಿಗೂ ಹೋಗಲಿ ಎಂದು ಅದನ್ನು ಕಾರ್ಯಕ್ರಮದ ಪುಸ್ತಿಕೆಯಲ್ಲೇ ಸೇರಿಸಿ ನೂರೈವತ್ತು ಪ್ರತಿ ಅಚ್ಚು ಹಾಕಿಸಿದೆವು. ಅಲ್ಲಿಯತನಕ ನಮ್ಮವರು ಹಳೆಯ ಪ್ರತಿಯಲ್ಲೇ ಹಾಡುತ್ತಿದ್ದರು. ಹೊಸ ಕಾಗದ ಬಂದಾಗ ಸರಿಹೋಗುತ್ತದೆ ಎಂದು ಮ್ವಾಲಿಮು ಆ ಭಾಗವನ್ನು ತಿದ್ದದೆ ಹಾಗೇ ಬಿಟ್ಟಿದ್ದರು.

ಕೊನೆಯ ಅಭ್ಯಾಸಕ್ಕೆ ಶೋಶೋ ಬಂದರು. ಮುಂದಿನ ಸಾಲಿನಲ್ಲಿ, ಮಡಿಲಲ್ಲಿ ಪುಸ್ತಿಕೆ ಇಟ್ಟುಕೊಂಡು ಕೂತರು. ಹಾಡು ಶುರುವಾಯಿತು. ಹತ್ತೊಂಬತ್ತನೇ ಭಾಗ ಬಂತು. ನಾನು ಎದೆಯುಬ್ಬಿಸಿ ರೆ ಹಾಡಿದೆ. ಪಕ್ಕದ ಹೆಂಗಸು ಮೊಣಕೈಯಲ್ಲಿ ತಿವಿದು, "ಮಾಮಾ, ನೀನು ತಪ್ಪು" ಎಂದಳು. ಉಳಿದ ಆರು ಜನವೂ ನಿಶ್ಚಿಂತೆಯಿಂದ ಮಿ ಹಾಡುತ್ತಿದ್ದರು.

ಮ್ವಾಲಿಮು ಕೈಯೆತ್ತಿ ನಿಲ್ಲಿಸಿದರು. "ಏನು ಬರೆದಿದೆ ಅಲ್ಲಿ?"

"ಮಿ" ಎಂದರು ಆರು ಜನ ಒಟ್ಟಿಗೆ, ಹಾಡುವುದಕ್ಕಿಂತ ಚೆನ್ನಾಗಿ.

"ಗೆರೆ ನೋಡಿ, ಗೆರೆ!" ಎಂದು ನಾನು ಹತ್ತಿರದವಳ ಪುಸ್ತಿಕೆಯನ್ನೇ ಕಿತ್ತುಕೊಂಡೆ. ಅವಳು ಸಮಾಧಾನವಾಗಿ ಗೆರೆಗಳ ಕೆಳಗೆ ಬೆರಳಿಟ್ಟಳು. ಅಲ್ಲಿ ಅಕ್ಕನ ದುಂಡು ಕೈಬರಹದ ಸಣ್ಣ ಎಂ ಅಕ್ಷರ ಹಾಗೇ ಕೂತಿತ್ತು. ಮಿ ಎಂದರೆ ಎಂ. ಆ ಊರಿನಲ್ಲಿ ಹಾಡುವವರು ಹಾಡುವುದು ಆ ಅಕ್ಷರ ನೋಡಿಕೊಂಡು. ಗೆರೆಗಳ ಕಡೆ ಅವರು ತಲೆಯೆತ್ತಿಯೂ ನೋಡುವುದಿಲ್ಲ. ಮೂರು ವಾರ ಎಂಟುಪಟ್ಟು ಹಿಗ್ಗಿಸಿಕೊಂಡು ಕೂತವಳ ಪರದೆಯ ಮೇಲೆ ಐದು ಗೆರೆ ಬಿಟ್ಟು ಬೇರೇನೂ ಇರಲಿಲ್ಲ. ನಾನು ಕಳಿಸಿದ ತುಣುಕಿನಲ್ಲೂ ಅಕ್ಷರ ಇರಲಿಲ್ಲ, ಮ್ವಾಲಿಮು ಕೇಳಲೂ ಇಲ್ಲ. ಆ ಅಕ್ಷರ ಇದ್ದದ್ದು ಖಾಲಿ ಕಾಗದದ ಮೇಲೆ. ಸುತ್ತ ಒಂದೂ ಗೆರೆಯಿಲ್ಲ. ಹತ್ತು ಸೆಕೆಂಡಿನ ಕೆಲಸ. ನೆಲ ಬಿರಿದು ನುಂಗಬಾರದೇ ಅನ್ನಿಸಿತು.

ನಾಚಿಕೆಯಲ್ಲೂ ನನ್ನ ಬುದ್ಧಿ ನೋಡಿ: ಶೋಶೋ ಹತ್ತಿರ ಹೋಗಿ, "ಆದರೆ ಗೆರೆ ನೋಡಿ, ಎಲ್ಲೂ ಕಡಿದಿಲ್ಲ" ಎಂದೆ.

ಅವರು ಕನ್ನಡಕ ಏರಿಸಿ ನೋಡಿದರು. "ಗೆರೆಗಳು ಚೆನ್ನಾಗಿವೆ ಮಗಳೇ. ಗೆರೆಯನ್ನು ಹಾಡಲು ಬರುತ್ತದೆಯೇ?"

ಮತ್ತೆ ಅಚ್ಚು ಹಾಕಿಸಲು ಸಮಯವಿರಲಿಲ್ಲ. ಏಳು ಆಲ್ಟೋಗಳೂ ಬೆಂಚಿನ ಮೇಲೆ ಕೂತು ನೂರೈವತ್ತು ಪುಸ್ತಿಕೆಗಳನ್ನು ಹಂಚಿಕೊಂಡೆವು. ಸಣ್ಣ ಎಂ ಅಕ್ಷರದ ಮೂರು ಕಾಲುಗಳಲ್ಲಿ ಬಲಗಡೆಯ ಎರಡರ ಮೇಲೆ ವೈಟ್ನರ್ ಹಚ್ಚಿದರೆ ಆರ್ ಉಳಿಯುತ್ತದೆ, ಅಂದರೆ ರೆ. ನನಗೆ ಒಂದು ಗಂಟೆಯಲ್ಲಿ ಹನ್ನೆರಡು ಮಾಡಲಾಯಿತು. ಗೆರೆ ಓದಲು ಬಾರದ ಪಕ್ಕದವಳು ತನ್ನ ಪಾಲಿನದನ್ನೆಲ್ಲ ಮುಗಿಸಿ, ನನ್ನಲ್ಲಿ ಉಳಿದದ್ದನ್ನು ಎತ್ತಿಕೊಂಡಳು.

ವೈಟ್ನರ್ ಒಣಗಿದ ಮೇಲೆ ಮತ್ತೆ ಹಾಡಿದೆವು. ಹತ್ತೊಂಬತ್ತನೇ ಭಾಗದಲ್ಲಿ ಏಳು ಜನವೂ ರೆ ಮೇಲೆ ನಿಂತೆವು. ಅದು ನಿಜವಾಗಿಯೂ ಉರಿಯಿತು. ಮೂರು ವಾರ ಆ ಸ್ವರವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿದವಳು ನಾನು. ಅದು ಹೇಗೆ ಕೇಳಿಸುತ್ತದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ. ಆಮೇಲೆ ಸ್ವರ ಇಳಿದು, ಉರಿ ಆರಿ, ಹಾಡು ಮುಂದೆ ಹೋಯಿತು.

ಮುಗಿದಾಗ ಶೋಶೋ ಪುಸ್ತಿಕೆ ಮುಚ್ಚಿದರು. ಮ್ವಾಲಿಮು ಹತ್ತಿರ ಹೋಗಿ, ಈಗ ಸರಿಯೇ ಎಂದು ಕೇಳಿದರು.

"ಸರಿ. ಇದೇ ನಾನು ಬರೆದದ್ದು" ಎಂದರು ಅವರು. ಮುಖ ಗೆದ್ದವರ ಮುಖ. "ಅಕ್ಕ ಇದ್ದಿದ್ದರೆ ಈಗ ಎದ್ದು ನಿಂತು ನಿಮ್ಮೆಲ್ಲರಿಗೂ ಮುಖ ಇಳಿಯುವ ಹಾಗೆ ಬೈಯುತ್ತಿದ್ದಳು." ನಾವು ನಕ್ಕೆವು. ಅವರೂ ನಕ್ಕರು, ಬೈಗುಳಕ್ಕೆ ಕಾಯುವವರಂತೆ ಒಂದು ಕ್ಷಣ ಪಕ್ಕಕ್ಕೆ ತಿರುಗಿದರು, ಆಮೇಲೆ ಪುಸ್ತಿಕೆಯಿಂದ ಮುಖ ಮುಚ್ಚಿಕೊಂಡು ಅಳತೊಡಗಿದರು.